ಎಂದಿನ ಎದೆನೋವೋ, ಬದಲಾದ ಎದೆನೋವೋ? ಸ್ಟೇಬಲ್ ಆಂಜೈನಾ, ಅನ್‌ಸ್ಟೇಬಲ್ ಆಂಜೈನಾ, ಹಾರ್ಟ್ ಅಟ್ಯಾಕ್: ರೋಗಿಗಳಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಇದನ್ನು ಓದುತ್ತಿರುವ ಹೊತ್ತಿನಲ್ಲೇ ನಿಮಗೋ ಮನೆಯವರಿಗೋ ಎದೆ ಹಿಂಡಿದ ಹಾಗೆ ಆಗುತ್ತಿದೆಯಾ? ಸುಮ್ಮನೆ ಕೂತು 5 ನಿಮಿಷವಾದರೂ ಕಡಿಮೆ ಆಗಿಲ್ಲವಾ? ಹಾಗಿದ್ದರೆ ಓದುವುದನ್ನು ಇಲ್ಲಿಗೇ ಬಿಟ್ಟು ಆಂಬುಲೆನ್ಸ್‌ಗೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಬಹುದು.

ಎದೆನೋವು ಬಂದವರ ಮನೆಯವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇದು ಬರೀ ಆಂಜೈನಾನಾ, ಇಲ್ಲಾ ಹಾರ್ಟ್ ಅಟ್ಯಾಕಾ?" ಆಂಜೈನಾ ಅಂದರೆ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಬರುವ ಎದೆನೋವು. ಈ ಪ್ರಶ್ನೆಗೆ ಮನೆಯಲ್ಲಿ ಕೂತು ಉತ್ತರ ಹೇಳಲು ಆಗುವುದಿಲ್ಲ. ಅನುಭವಿ ಡಾಕ್ಟರಿಗೂ ಇಸಿಜಿ ಮತ್ತು ರಕ್ತಪರೀಕ್ಷೆ ಇಲ್ಲದೆ ಅನ್‌ಸ್ಟೇಬಲ್ ಆಂಜೈನಾ ಯಾವುದು, ಹಾರ್ಟ್ ಅಟ್ಯಾಕ್ ಯಾವುದು ಎಂದು ಬಿಡಿಸಿ ಹೇಳಲಾಗದು. ಆದರೆ ಮನೆಯವರಿಗೆ ಖಂಡಿತ ಸಾಧ್ಯವಿರುವ ಒಂದು ಕೆಲಸ ಇದೆ. ಇದು ಎಂದಿನ ನೋವೋ, ಬದಲಾದ ನೋವೋ ಎಂದು ಗುರುತಿಸುವುದು. ಎಂದಿನ ನೋವಾದರೆ ಸ್ಟೇಬಲ್. ಬದಲಾಗಿದ್ದರೆ ಅದು ಉಳಿದೆರಡರಲ್ಲಿ ಯಾವುದಾದರೂ ಆಗಿರಬಹುದು, ಅದನ್ನು ಬೇರ್ಪಡಿಸುವ ಕೆಲಸ ಆಸ್ಪತ್ರೆಯದು. ಈ ಗೆರೆಯನ್ನು ಮನೆಯಲ್ಲೇ ಸರಿಯಾಗಿ ಎಳೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರವಾಗಿ ನೋಡೋಣ.

ಅರ್ಥವಾಗಲು ಸುಲಭವಾಗಲಿ ಎಂದು ಉದಾಹರಣೆಗೆ ಒಬ್ಬ ಮೇಷ್ಟ್ರನ್ನು ಇಟ್ಟುಕೊಳ್ಳೋಣ. ವಯಸ್ಸು 61, ನಿವೃತ್ತರು, ಮನೆ 2ನೇ ಮಹಡಿಯಲ್ಲಿ. 8 ತಿಂಗಳ ಹಿಂದೆ ಅವರಿಗೆ ಸ್ಟೇಬಲ್ ಆಂಜೈನಾ ಇದೆ ಎಂದು ಡಾಕ್ಟರ್ ಹೇಳಿದ್ದಾರೆ. ಜೊತೆಯಲ್ಲಿ ಮಗಳಿದ್ದಾಳೆ.

ಮೊದಲು, ಒಳಗೆ ಏನಾಗುತ್ತದೆ

ಹೃದಯ ಇಡೀ ಮೈಗೆ ರಕ್ತ ತಳ್ಳುತ್ತದೆ, ಸರಿ. ಆದರೆ ಹೃದಯವೂ ಒಂದು ಸ್ನಾಯು, ಅದಕ್ಕೂ ರಕ್ತ ಬೇಕಲ್ವಾ? ಅದರ ಮೈಮೇಲೆ ಹರಡಿಕೊಂಡಿರುವ ಸಣ್ಣ ನಾಳಗಳು ಆ ರಕ್ತವನ್ನು ಕೊಡುತ್ತವೆ. ವರ್ಷಗಟ್ಟಲೆ ಆ ನಾಳಗಳ ಗೋಡೆಯೊಳಗೆ ಕೊಬ್ಬು ಸೇರಿಕೊಂಡು ಉಬ್ಬುತ್ತಾ ಹೋಗುತ್ತದೆ. ಜನ 'ಬ್ಲಾಕ್' ಅನ್ನುವುದು ಇದನ್ನೇ.

ಸ್ಟೇಬಲ್ ಆಂಜೈನಾದಲ್ಲಿ ಈ ಉಬ್ಬಿನ ಮೇಲೆ ಗಟ್ಟಿಯಾದ ಪದರ ಇರುತ್ತದೆ. ನಾಳ ಕಿರಿದಾಗಿದೆ, ಆದರೆ ಮುಚ್ಚಿಲ್ಲ. ಕೂತಾಗ, ಮಲಗಿದಾಗ ಹೃದಯಕ್ಕೆ ಬೇಕಾದಷ್ಟು ರಕ್ತ ಆ ಕಿರಿದಾದ ದಾರಿಯಲ್ಲೇ ಸಾಗುತ್ತದೆ. ಮೆಟ್ಟಿಲು ಹತ್ತಿದಾಗ ಹೃದಯ ಜೋರಾಗಿ ಕೆಲಸ ಮಾಡಬೇಕು, ಆಗ ಬೇಡಿಕೆ ಜಾಸ್ತಿ, ಪೂರೈಕೆ ಸಾಲದು. ಸ್ನಾಯು ನೋವಿನ ಮೂಲಕ ದೂರು ಹೇಳುತ್ತದೆ. ನಿಂತರೆ ಬೇಡಿಕೆ ಇಳಿಯುತ್ತದೆ, ನೋವೂ ಇಳಿಯುತ್ತದೆ. ಸಾಮಾನ್ಯವಾಗಿ ನಾಳ ಸುಮಾರು 70 ಪರ್ಸೆಂಟ್‌ಗಿಂತ ಹೆಚ್ಚು ಕಿರಿದಾದಾಗ ಈ ರೀತಿ ನೋವು ಶುರುವಾಗುತ್ತದೆ.

ಅನ್‌ಸ್ಟೇಬಲ್ ಆಂಜೈನಾದಲ್ಲಿ ನಡೆಯುವುದೇ ಬೇರೆ. ಉಬ್ಬಿನ ಮೇಲಿನ ಪದರ ಬಿರುಕು ಬಿಡುತ್ತದೆ, ಇಲ್ಲವೇ ಸವೆಯುತ್ತದೆ. ಒಳಗಿನ ಕೊಬ್ಬಿಗೆ ರಕ್ತ ತಗುಲಿದ ಕೂಡಲೇ, ಗಾಯವಾದಾಗ ಚರ್ಮದ ಮೇಲೆ ಹೆಪ್ಪುಗಟ್ಟುವ ಹಾಗೆ, ನಾಳದೊಳಗೇ ರಕ್ತ ಹೆಪ್ಪುಗಟ್ಟಲು ಶುರುವಾಗುತ್ತದೆ. ಆ ಹೆಪ್ಪು ಬೆಳೆಯುತ್ತದೆ, ಸ್ವಲ್ಪ ಕರಗುತ್ತದೆ, ಮತ್ತೆ ಬೆಳೆಯುತ್ತದೆ. ಅದಕ್ಕೇ ನೋವು ಬಂದು ಹೋಗಿ ಮಾಡುತ್ತದೆ, ಸುಮ್ಮನೆ ಕೂತಾಗಲೂ ಬರುತ್ತದೆ. ಸ್ನಾಯು ಇನ್ನೂ ಸತ್ತಿಲ್ಲ.

ಹಾರ್ಟ್ ಅಟ್ಯಾಕ್ ಅಂದರೆ ಅದೇ ಹೆಪ್ಪು ದಾರಿಯನ್ನು ಅಷ್ಟು ಹೊತ್ತು ತಡೆದು, ಮುಂದಿನ ಸ್ನಾಯು ಸಾಯಲು ಶುರುವಾಗಿದೆ ಎಂದು ಅರ್ಥ. ನಾಳ ಪೂರ್ತಿ ಮುಚ್ಚಿದರೆ ಸುಮಾರು 20 ರಿಂದ 30 ನಿಮಿಷದಲ್ಲಿ ಸ್ನಾಯುವಿನ ಒಳಪದರ ಸಾಯತೊಡಗುತ್ತದೆ. ಗಂಟೆಗಳು ಕಳೆದಂತೆ ಅದು ಹೊರಪದರದ ಕಡೆಗೆ ಹಬ್ಬುತ್ತದೆ. ಒಮ್ಮೆ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ, ಅಲ್ಲಿ ಬರೀ ಕಲೆ ಉಳಿಯುತ್ತದೆ.

ಅಂದರೆ ಅನ್‌ಸ್ಟೇಬಲ್ ಆಂಜೈನಾ ಮತ್ತು ಹಾರ್ಟ್ ಅಟ್ಯಾಕ್ ಬಹುತೇಕ ಒಂದೇ ಘಟನೆಯ ಎರಡು ಹಂತಗಳು. ಸ್ಟೇಬಲ್ ಮಾತ್ರ ಬೇರೆ ಜಾತಿಯದ್ದು.

ಇಲ್ಲಿ ಒಂದು ಮಾತು ಹೇಳಲೇಬೇಕು. "ನನಗೆ ಇರುವುದು 40 ಪರ್ಸೆಂಟ್ ಬ್ಲಾಕ್ ಅಷ್ಟೇ, ಹಾರ್ಟ್ ಅಟ್ಯಾಕ್ ಆಗಲ್ಲ" ಎಂದು ಧೈರ್ಯವಾಗಿರುವವರು ತುಂಬಾ ಮಂದಿ. ಬಿರುಕು ಬಿಡುವುದು ದೊಡ್ಡ ಉಬ್ಬೇ ಆಗಬೇಕೆಂದಿಲ್ಲ. ಚಿಕ್ಕ ಉಬ್ಬಿನ ಪದರ ತೆಳುವಾಗಿದ್ದರೆ ಅದೂ ಬಿರಿಯಬಹುದು. ಮೊನ್ನೆ ಟ್ರೆಡ್‌ಮಿಲ್ ಟೆಸ್ಟ್ ಚೆನ್ನಾಗಿ ಬಂತು ಅನ್ನುವುದು ಇವತ್ತು ರಾತ್ರಿಯ ನೋವಿಗೆ ಉತ್ತರವಲ್ಲ.

ಹೆಜ್ಜೆ 1: ಹೃದಯದ ನೋವು ಹೇಗಿರುತ್ತದೆ ಎಂದು ತಿಳಿಯಿರಿ

'ನೋವು' ಅನ್ನುವ ಪದವೇ ಇಲ್ಲಿ ಮೋಸ ಮಾಡುತ್ತದೆ. ಎಷ್ಟೋ ಜನರನ್ನು "ಎದೆನೋವು ಇದೆಯಾ?" ಎಂದು ಕೇಳಿದರೆ "ಇಲ್ಲ" ಅನ್ನುತ್ತಾರೆ. "ಮತ್ತೆ ಏನಾಗುತ್ತೆ?" ಅಂದರೆ "ಎದೆ ಬಿಗಿಯುತ್ತೆ", "ಮೇಲೆ ಯಾರೋ ಕೂತ ಹಾಗೆ", "ಉರಿ", "ಉಸಿರು ಸಾಲಲ್ಲ" ಅನ್ನುತ್ತಾರೆ. ಆದ್ದರಿಂದ ಮನೆಯವರು ಕೇಳುವಾಗ "ಏನಾಗ್ತಿದೆ?" ಎಂದೇ ಕೇಳಿ.

ಇದು ಸಾಮಾನ್ಯವಾಗಿ ಎದೆಯ ನಡುವೆ, ಅಂಗೈ ಅಗಲದ ಜಾಗದಲ್ಲಿ ಇರುತ್ತದೆ. ಅಲ್ಲಿಂದ ಎಡಗೈಗೆ, ಎರಡೂ ಕೈಗೆ, ಕುತ್ತಿಗೆಗೆ, ಕೆಳದವಡೆಗೆ, ಬೆನ್ನಿಗೆ ಅಥವಾ ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದು. ತೋರಿಸಿ ಎಂದಾಗ ಎಷ್ಟೋ ಮಂದಿ ಮುಷ್ಟಿ ಬಿಗಿದು ಎದೆಯ ಮೇಲೆ ಇಡುತ್ತಾರೆ. ಒಂದು ಬೆರಳು ತುದಿಯಿಂದ "ಇಗೋ ಇಲ್ಲೇ" ಎಂದು ತೋರಿಸುವ, ಒತ್ತಿದರೆ ಜಾಸ್ತಿಯಾಗುವ, ಚುಚ್ಚಿ ಕ್ಷಣದಲ್ಲಿ ಹೋಗುವ ನೋವು ಹೃದಯದ್ದಾಗಿರುವ ಸಾಧ್ಯತೆ ಕಡಿಮೆ. ಕಡಿಮೆ ಅಷ್ಟೇ, ಇಲ್ಲವೇ ಇಲ್ಲ ಅಂತಲ್ಲ.

ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದವರು ಮತ್ತು ಹೆಂಗಸರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವರಲ್ಲಿ ಎದೆಗಿಂತ ಬೇರೆ ಲಕ್ಷಣಗಳೇ ಮುಂದಾಗಿ ಕಾಣಬಹುದು. ಇದ್ದಕ್ಕಿದ್ದಂತೆ ಏದುಸಿರು, ತಣ್ಣನೆ ಬೆವರು, ವಾಂತಿ ಬಂದ ಹಾಗೆ, ಎಂದೂ ಇಲ್ಲದ ಸುಸ್ತು. ಸಕ್ಕರೆ ಕಾಯಿಲೆ ನರಗಳನ್ನು ಮಂಕು ಮಾಡಿರುವುದರಿಂದ ನೋವು ಗೊತ್ತೇ ಆಗದೆ ಹಾರ್ಟ್ ಅಟ್ಯಾಕ್ ಆಗುವುದೂ ಉಂಟು.

ಹೆಜ್ಜೆ 2: ನಿಮ್ಮ 'ಎಂದಿನ ನೋವು' ಯಾವುದು ಎಂದು ಬರೆದಿಡಿ

ಬದಲಾವಣೆ ಗೊತ್ತಾಗಬೇಕಾದರೆ ಮೊದಲು ಹೇಗಿತ್ತು ಎಂದು ಗೊತ್ತಿರಬೇಕು. ನೆನಪನ್ನು ನಂಬಬೇಡಿ. ನಾವೆಲ್ಲ ನೋವನ್ನು ಸಣ್ಣದು ಮಾಡಿಯೇ ನೆನಪಿಟ್ಟುಕೊಳ್ಳುತ್ತೇವೆ. ಒಂದು ಸಣ್ಣ ನೋಟ್‌ಬುಕ್ ಸಾಕು. ಪ್ರತಿ ಸಲ ನೋವು ಬಂದಾಗ ನಾಲ್ಕು ವಿಷಯ ಬರೆಯಿರಿ: ಏನು ಮಾಡುವಾಗ ಬಂತು, ಎಷ್ಟು ನಿಮಿಷ ಇತ್ತು, ಏನು ಮಾಡಿದಾಗ ಹೋಯಿತು, ನೋವು ಬಂದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಡಾಕ್ಟರ್ ಕೊಟ್ಟ ಮಾತ್ರೆ ಬೇಕಾಯಿತಾ.

ಮೇಷ್ಟ್ರ ನೋಟ್‌ಬುಕ್ಕಿನ ಮೊದಲ ಪುಟಗಳು ಹೀಗಿದ್ದವು. "ಸೋಮವಾರ. 2ನೇ ಮಹಡಿಯ ಕೊನೆ ಮೆಟ್ಟಿಲುಗಳಲ್ಲಿ ಬಿಗಿತ. ನಿಂತೆ. 3 ನಿಮಿಷ. ಮಾತ್ರೆ ಬೇಡವಾಯಿತು." "ಶುಕ್ರವಾರ. ಊಟವಾದ ಕೂಡಲೇ ಮೆಟ್ಟಿಲು ಹತ್ತಿದೆ. 4 ನಿಮಿಷ. ಮಾತ್ರೆ 1." ವಾರಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು ಸಲ. ಎಂಟು ತಿಂಗಳೂ ಇದೇ.

ಇದು ಸ್ಟೇಬಲ್ ಆಂಜೈನಾದ ಅಚ್ಚು. ಇಷ್ಟು ಶ್ರಮಕ್ಕೆ ಬರುತ್ತದೆ, ಇಷ್ಟು ನಿಮಿಷ ಇರುತ್ತದೆ, ನಿಂತರೆ ಹೋಗುತ್ತದೆ. ಹೊಟ್ಟೆ ತುಂಬ ಉಂಡು ನಡೆದಾಗ, ಚಳಿಯಲ್ಲಿ, ಎದುರು ಗಾಳಿಯಲ್ಲಿ, ಸಿಟ್ಟು ಬಂದಾಗ ಸ್ವಲ್ಪ ಬೇಗ ಬರಬಹುದು. ಅದೂ ಲೆಕ್ಕದೊಳಗೇ. ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ 1772ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗಲೂ ಇದನ್ನೇ ಗಮನಿಸಿದ್ದರು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟದ ಮೇಲೆ ಬರುತ್ತದೆ, ನಿಂತ ಕೂಡಲೇ ಮಾಯವಾಗುತ್ತದೆ ಎಂದು. ಆಗ ಇಸಿಜಿ ಇರಲಿಲ್ಲ. ರೋಗಿ ಹೇಳಿದ್ದನ್ನು ಕೇಳಿಯೇ ಅವರು ಇಷ್ಟನ್ನು ಹಿಡಿದಿದ್ದರು.

ಸ್ಟೇಬಲ್ ಎಂಬ ಪದಕ್ಕೆ 'ಅಪಾಯವಿಲ್ಲ' ಎಂಬ ಅರ್ಥವಿಲ್ಲ. 'ಸದ್ಯಕ್ಕೆ ಬದಲಾಗುತ್ತಿಲ್ಲ' ಎಂದಷ್ಟೇ ಅರ್ಥ. ಮಾತ್ರೆಗಳು ನಡೆಯುತ್ತಲೇ ಇರಬೇಕು. ನಾಡಿಬಡಿತ ತಗ್ಗಿಸುವ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ನೋವು ಉಲ್ಬಣಿಸುತ್ತದೆ.

ಹೆಜ್ಜೆ 3: ಬದಲಾವಣೆಯನ್ನು ಹಿಡಿಯಿರಿ

ಎಂಟು ತಿಂಗಳ ಮೇಲೆ ನೋಟ್‌ಬುಕ್ ಬೇರೆ ಮಾತಾಡಲು ಶುರುಮಾಡಿತು. "ಮಂಗಳವಾರ. 1ನೇ ಮಹಡಿಯಲ್ಲೇ ಬಿಗಿತ. 6 ನಿಮಿಷ. ಮಾತ್ರೆ 1." "ಬುಧವಾರ. ಸ್ನಾನವಾಗಿ ಅಂಗಿ ಹಾಕುವಾಗ. 5 ನಿಮಿಷ. ಮಾತ್ರೆ 1." "ಗುರುವಾರ. ಎರಡು ಸಲ. ಮನೆಯೊಳಗೆ ನಡೆದಾಡುವಾಗ." ಮೇಷ್ಟ್ರಿಗೆ ಇದು ದೊಡ್ಡದೆನಿಸಲಿಲ್ಲ. ಪ್ರತಿ ಸಲವೂ ನೋವು ಹೋಗಿತ್ತು ಅಲ್ವಾ? ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡು ಅದರ ಮಾತ್ರೆಯನ್ನೂ ನುಂಗಿದರು.

ಆದರೆ ಆ ಮೂರು ದಿನಗಳಲ್ಲೇ ಅವರ ಆಂಜೈನಾ ಸ್ಟೇಬಲ್ ಆಗಿ ಉಳಿದಿರಲಿಲ್ಲ. ಕಡಿಮೆ ಶ್ರಮಕ್ಕೆ ಬರುತ್ತಿದೆ. ಪದೇ ಪದೇ ಬರುತ್ತಿದೆ. ಹೆಚ್ಚು ಹೊತ್ತು ಇರುತ್ತಿದೆ. ಮಾತ್ರೆ ಜಾಸ್ತಿ ಬೇಕಾಗುತ್ತಿದೆ. ಈ ನಾಲ್ಕರಲ್ಲಿ ಒಂದು ಇದ್ದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮುಂದಿನ ವಾರ ಇರುವ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು. ಐದನೆಯ ಲಕ್ಷಣ ಎಲ್ಲಕ್ಕಿಂತ ಗಂಭೀರ: ಏನೂ ಮಾಡದೆ ಕೂತಾಗ ಅಥವಾ ನಿದ್ದೆಯಲ್ಲಿದ್ದಾಗ ಬರುವ ನೋವು. ಅದಕ್ಕೆ ಆಂಬುಲೆನ್ಸ್ ಕರೆಯಬೇಕು.

ಬದಲಾವಣೆಗೆ ಎಲ್ಲ ಸಲವೂ ಹೆಪ್ಪೇ ಕಾರಣವಲ್ಲ. ರಕ್ತಹೀನತೆ, ಜ್ವರ, ಥೈರಾಯ್ಡ್ ಜಾಸ್ತಿಯಾಗುವುದು, ನಾಡಿ ತಪ್ಪುವುದು, ಮಾತ್ರೆ ಬಿಟ್ಟಿರುವುದು, ಇವೂ ಎಂದಿನ ಆಂಜೈನಾವನ್ನು ಕೆಡಿಸುತ್ತವೆ. ಅದಕ್ಕೇ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಕೂಡ ನೋಡುತ್ತಾರೆ. ಆದರೆ ಮನೆಯಲ್ಲಿ ಕೂತು ಕಾರಣ ಹುಡುಕಲು ಹೋಗಬೇಡಿ. ಕಾರಣ ಯಾವುದಾದರೂ ಇರಲಿ, ಹೊರಡುವ ಹೊತ್ತು ಒಂದೇ.

ಮೊದಲು ಯಾವತ್ತೂ ಆಂಜೈನಾ ಇಲ್ಲದವರಿಗೆ 'ಎಂದಿನ ನೋವು' ಎಂಬುದೇ ಇರುವುದಿಲ್ಲ. ಅವರಿಗೆ ಮೊದಲ ಸಲ ಬಂದದ್ದೇ ಬದಲಾವಣೆ. ನಡೆದಾಗ ಬಂದು 3 ನಿಮಿಷಕ್ಕೆ ಹೋಗಿದ್ದರೂ ಅವತ್ತೇ ಡಾಕ್ಟರನ್ನು ನೋಡಬೇಕು. ಕೂತಾಗಲೇ ಬಂದರೆ, ಅಥವಾ ಕೂತ ಮೇಲೂ ಹೋಗದಿದ್ದರೆ, ನೇರ ಆಂಬುಲೆನ್ಸ್.

ಹೆಜ್ಜೆ 4: ನೋವು ಬಂದ ಹೊತ್ತಿನಲ್ಲಿ ಗಡಿಯಾರ ನೋಡಿ

ಶುಕ್ರವಾರ ಬೆಳಗಿನ ಜಾವ 2:40ಕ್ಕೆ ಮೇಷ್ಟ್ರಿಗೆ ಎಚ್ಚರವಾಯಿತು. ಎದೆ ಬಿಗಿದಿತ್ತು, ಎಡದವಡೆ ಜಗ್ಗುತ್ತಿತ್ತು, ಹಣೆ ತಣ್ಣಗೆ ಬೆವೆತಿತ್ತು. ಮಗಳು ಎದ್ದು ಬಂದಳು.

ಆಕೆ ಮಾಡಿದ್ದನ್ನು ಸಾಲಾಗಿ ನೋಡೋಣ. ಮೊದಲು ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದಳು. ನಡೆದಾಡಲು ಬಿಡಲಿಲ್ಲ. ನಾಲಿಗೆ ಕೆಳಗಿನ ಮಾತ್ರೆ ಒಂದನ್ನು ಕೊಟ್ಟಳು. ಗೋಡೆಯ ಗಡಿಯಾರ ನೋಡಿ 2:43 ಎಂದು ನೋಟ್‌ಬುಕ್ಕಿನಲ್ಲಿ ಬರೆದಳು.

ಈ ಮಾತ್ರೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ತಪ್ಪಾಗುವುದು ಇಲ್ಲೇ. ನೈಟ್ರೇಟ್ ಜಾತಿಯ ಈ ಮಾತ್ರೆ ಅಥವಾ ಸ್ಪ್ರೇ ರಕ್ತನಾಳಗಳನ್ನು ಸಡಿಲಿಸುತ್ತದೆ. ಬಿಪಿ ಇಳಿಯುತ್ತದೆ. ಅದಕ್ಕೇ ಕೂತೇ ತಗೊಳ್ಳಬೇಕು, ನಿಂತು ತಗೊಂಡರೆ ತಲೆ ಸುತ್ತಿ ಬೀಳಬಹುದು. ಮಾತ್ರೆಯನ್ನು ನಾಲಿಗೆ ಕೆಳಗೆ ಕರಗಲು ಬಿಡಬೇಕು, ನುಂಗಿದರೆ ಕೆಲಸಕ್ಕೆ ಬರುವುದಿಲ್ಲ. ತಲೆ ಸಿಡಿಯುವುದು ಮಾಮೂಲು. ಡಾಕ್ಟರ್ ಬರೆದುಕೊಟ್ಟವರಿಗೆ ಮಾತ್ರ ಇದು, ಪಕ್ಕದ ಮನೆಯವರ ಮಾತ್ರೆಯನ್ನು ತಂದು ಕೊಡಬಾರದು. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ತಗೊಂಡು 24 ಗಂಟೆ, ಟಡಾಲಾಫಿಲ್ ತಗೊಂಡು 48 ಗಂಟೆ ಆಗಿರದಿದ್ದರೆ ನೈಟ್ರೇಟ್ ಮುಟ್ಟಲೇಬಾರದು. ಬಿಪಿ ಪಾತಾಳಕ್ಕೆ ಇಳಿಯುತ್ತದೆ. ನಾಚಿಕೆಯಿಂದ ಇದನ್ನು ಮುಚ್ಚಿಟ್ಟು ಪ್ರಾಣಕ್ಕೆ ತಂದುಕೊಳ್ಳಬೇಡಿ, ಆಂಬುಲೆನ್ಸ್‌ನವರಿಗೂ ಹೇಳಿ.

ಒಂದು ಮಾತ್ರೆಯಾಗಿ 5 ನಿಮಿಷಕ್ಕೆ ನೋವು ಹೋಗದಿದ್ದರೆ, ಅಥವಾ ಅಷ್ಟರೊಳಗೇ ಜಾಸ್ತಿಯಾದರೆ, ಆಂಬುಲೆನ್ಸ್ ಕರೆಯಿರಿ. ಡಾಕ್ಟರ್ ನಿಮಗೆ ಎರಡನೆಯ, ಮೂರನೆಯ ಮಾತ್ರೆ ತಗೊಳ್ಳಲು ಹೇಳಿದ್ದರೆ ಅದನ್ನು 5 ನಿಮಿಷದ ಅಂತರದಲ್ಲಿ ಆಂಬುಲೆನ್ಸ್ ಬರುವವರೆಗೆ ತಗೊಳ್ಳಿ. ಮೂರೂ ಮುಗಿಸಿ ಆಮೇಲೆ ಫೋನ್ ಮಾಡೋಣ ಅನ್ನುವುದು ತಪ್ಪು ಕ್ರಮ. ಮೇಷ್ಟ್ರ ನೋವು ನಿದ್ದೆಯಲ್ಲಿ ಬಂದಿತ್ತು, ಬೆವರೂ ಇತ್ತು. ಹಾಗಾಗಿ ಮಗಳು 5 ನಿಮಿಷವನ್ನೂ ಕಾಯದೆ 2:45ಕ್ಕೇ ಫೋನ್ ಮಾಡಿದಳು. ಅದು ಸರಿಯಾದ ನಿರ್ಧಾರ.

ಫೋನಿನಲ್ಲಿ ಆಕೆ ಹೇಳಿದ್ದು ಇಷ್ಟು: "61 ವರ್ಷ, ಆಂಜೈನಾ ಇದೆ, ನಿದ್ದೆಯಲ್ಲಿ ಎದೆ ಬಿಗಿದಿದೆ, ಬೆವರಿದ್ದಾರೆ, ಮಾತ್ರೆ ಒಂದು ಕೊಟ್ಟಿದ್ದೇನೆ." ಆಮೇಲೆ ವಿಳಾಸ. ಆ ಕಡೆಯವರು ಆಸ್ಪಿರಿನ್ ಅಲರ್ಜಿ ಇದೆಯಾ, ಹೊಟ್ಟೆಯಲ್ಲಿ ರಕ್ತಸ್ರಾವ, ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತಾ ಎಂದು ಕೇಳಿದರು. ಇಲ್ಲ ಅಂದಾಗ 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಹೇಳಿದರು. ಮನೆಯಲ್ಲಿ 75 ಮಿಲಿಗ್ರಾಮಿನವು ಇದ್ದವು, ನಾಲ್ಕು ಅಗಿದರು. ಇಡಿಯಾಗಿ ನುಂಗುವುದಕ್ಕಿಂತ ಅಗಿದರೆ ಬೇಗ ರಕ್ತ ಸೇರುತ್ತದೆ, ಹೆಪ್ಪು ಬೆಳೆಯುವುದನ್ನು ತಡೆಯುತ್ತದೆ. ಆಸ್ಪಿರಿನ್ ಮನೆಯಲ್ಲಿ ಇಲ್ಲದಿದ್ದರೆ ಹುಡುಕಿಕೊಂಡು ಹೊರಗೆ ಓಡಬೇಡಿ, ಆಂಬುಲೆನ್ಸ್‌ನಲ್ಲಿ ಸಿಗುತ್ತದೆ.

2:56ಕ್ಕೆ ಮೇಷ್ಟ್ರು, "ಹೋಯ್ತಮ್ಮಾ, ಈಗ ಏನೂ ಇಲ್ಲ. ಆಂಬುಲೆನ್ಸ್ ವಾಪಸ್ ಕಳಿಸು. ಬೆಳಿಗ್ಗೆ ನೋಡೋಣ" ಅಂದರು.

ಈ ಗಳಿಗೆ ಎಲ್ಲಕ್ಕಿಂತ ಕಷ್ಟದ್ದು. ನೋವು ಹೋಗಿದೆ, ನಡುರಾತ್ರಿ, ಎಲ್ಲರಿಗೂ ತೊಂದರೆ ಎಂಬ ಸಂಕೋಚ. ಆದರೆ ಹೆಪ್ಪು ಸ್ವಲ್ಪ ಕರಗಿ ದಾರಿ ಬಿಟ್ಟಿದ್ದರಿಂದ ನೋವು ಹೋಗಿರಬಹುದು. ಬಿರುಕು ಅಲ್ಲೇ ಇದೆ. ಮಗಳು ನೋಟ್‌ಬುಕ್ ತೆರೆದು ಮಂಗಳವಾರದಿಂದ ಬರೆದದ್ದನ್ನು ಓದಿ ಹೇಳಿದಳು. "ಅಪ್ಪಾ, ಮೂರು ದಿನಕ್ಕೆ ಐದು ಸಲ ಬಂದಿದೆ ನೋಡಿ. ಎಂಟು ತಿಂಗಳಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ." ಮೇಷ್ಟ್ರು ಮರುಮಾತಾಡಲಿಲ್ಲ.

ಸ್ವಂತ ಗಾಡಿಯಲ್ಲಿ ಹೊರಡಬಾರದೇಕೆ ಎಂದು ಕೇಳುವವರಿದ್ದಾರೆ. ಹೃದಯಕ್ಕೆ ರಕ್ತ ಕಡಿಮೆಯಾದಾಗ ಅದರ ತಾಳ ತಪ್ಪಿ, ಬಡಿಯುವ ಬದಲು ಬರೀ ನಡುಗತೊಡಗಬಹುದು. ಆಗ ಮನುಷ್ಯ ಕ್ಷಣದಲ್ಲಿ ಕುಸಿಯುತ್ತಾನೆ. ಅದನ್ನು ಸರಿಪಡಿಸುವ ಶಾಕ್ ಯಂತ್ರ ಸುಸಜ್ಜಿತ ಆಂಬುಲೆನ್ಸ್‌ನಲ್ಲಿ ಇರುತ್ತದೆ, ನಿಮ್ಮ ಗಾಡಿಯಲ್ಲಿ ಇರುವುದಿಲ್ಲ. ರೋಗಿಯೇ ಗಾಡಿ ಓಡಿಸುವುದಂತೂ ಬೇಡವೇ ಬೇಡ. ಆಂಬುಲೆನ್ಸ್ ಸಿಗುವುದೇ ಇಲ್ಲ ಎಂದಾದರೆ ಮಾತ್ರ ಬೇರೆ ಯಾರಾದರೂ ಓಡಿಸಲಿ. ಅಕಸ್ಮಾತ್ ಕುಸಿದು, ಕರೆದರೆ ಓಗೊಡದೆ, ಉಸಿರೂ ಸರಿಯಿಲ್ಲದಿದ್ದರೆ, ಎದೆಯ ನಡುವೆ ಎರಡೂ ಕೈಯೂರಿ ನಿಮಿಷಕ್ಕೆ 100 ರಿಂದ 120 ಸಲ, 5 ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ.

ಹೆಜ್ಜೆ 5: ಆಸ್ಪತ್ರೆಯಲ್ಲಿ ಮೂರನ್ನೂ ಬೇರ್ಪಡಿಸುವ ಬಗೆ

ಎದೆನೋವೆಂದು ಹೋದರೆ 10 ನಿಮಿಷದೊಳಗೆ ಇಸಿಜಿ ತೆಗೆಯಬೇಕು. ನೋಂದಣಿ ಕೌಂಟರಿನಲ್ಲಿ ಸಾಲು ಇದ್ದರೆ ನಿಲ್ಲದೆ "ಎದೆನೋವು" ಎಂದು ಜೋರಾಗಿಯೇ ಹೇಳಿ.

ಇಸಿಜಿ ಮೊದಲು ಉತ್ತರಿಸುವ ಪ್ರಶ್ನೆ ಒಂದೇ: ನಾಳ ಪೂರ್ತಿ ಮುಚ್ಚಿದೆಯಾ? ಮುಚ್ಚಿದ್ದರೆ ಸಾಮಾನ್ಯವಾಗಿ ಇಸಿಜಿಯ ಗೆರೆಯಲ್ಲಿ ಎಸ್‌ಟಿ ಎಂಬ ಭಾಗ ಮೇಲಕ್ಕೆ ಎದ್ದಿರುತ್ತದೆ. ಇದು ದೊಡ್ಡ ಹಾರ್ಟ್ ಅಟ್ಯಾಕ್, ಡಾಕ್ಟರುಗಳು ಸ್ಟೆಮಿ ಅನ್ನುತ್ತಾರೆ. ಆಗ ರಕ್ತಪರೀಕ್ಷೆಯ ವರದಿಗೂ ಕಾಯುವುದಿಲ್ಲ. ಆಂಜಿಯೋಪ್ಲಾಸ್ಟಿ ಸೌಲಭ್ಯವಿರುವ ಕಡೆ, ರೋಗಿ ಬಾಗಿಲಿಗೆ ಬಂದ 90 ನಿಮಿಷದೊಳಗೆ ನಾಳ ತೆರೆಯುವುದು ಗುರಿ. ಆ ಸೌಲಭ್ಯ 120 ನಿಮಿಷದೊಳಗೆ ಸಿಗುವುದಿಲ್ಲ ಎಂದಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ನೋವು ಶುರುವಾದ 12 ಗಂಟೆಯವರೆಗೆ ಇದರಿಂದ ಪ್ರಯೋಜನವಿದೆ, ಆದರೆ ಮೊದಲ 2-3 ಗಂಟೆಯಲ್ಲಿ ಕೊಟ್ಟಾಗಲೇ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಎಸ್‌ಟಿ ಎದ್ದಿಲ್ಲ ಅಂದರೆ ಪಾರಾದ ಹಾಗಲ್ಲ. ನೋವು ಹೋದ ಮೇಲೆ ತೆಗೆದ ಇಸಿಜಿ ಪೂರ್ತಿ ನಾರ್ಮಲ್ ಬರಬಹುದು. ಮೇಷ್ಟ್ರದ್ದು 3:35ಕ್ಕೆ ನಾರ್ಮಲ್ ಬಂತು. ಅಲ್ಲಿಂದಲೇ ಮನೆಗೆ ಹೊರಟಿದ್ದರೆ? ಹೊರಡಲಿಲ್ಲ. 4:20ಕ್ಕೆ ಮತ್ತೆ ಎದೆ ಬಿಗಿದಾಗ ಮಗಳು ಸಿಸ್ಟರನ್ನು ಕರೆದಳು, ನೋವಿದ್ದಾಗಲೇ ಇನ್ನೊಂದು ಇಸಿಜಿ ತೆಗೆದರು. ಈ ಸಲ ಎಸ್‌ಟಿ ಭಾಗ ಕೆಳಕ್ಕೆ ಜಗ್ಗಿತ್ತು. ನೋವಿರುವಾಗ ತೆಗೆದ ಇಸಿಜಿ ಎಷ್ಟು ಮುಖ್ಯ ಎಂದು ಇದರಲ್ಲೇ ಗೊತ್ತಾಗುತ್ತದೆ. ಆಸ್ಪತ್ರೆಯಲ್ಲಿದ್ದಾಗ ನೋವು ಮರಳಿದರೆ ತಡೆದುಕೊಂಡು ಮಲಗಿರಬೇಡಿ, ಕೂಡಲೇ ಹೇಳಿ.

ಇನ್ನೊಂದು ಕೀಲಿ ಟ್ರೋಪೋನಿನ್ ಎಂಬ ರಕ್ತಪರೀಕ್ಷೆ. ಟ್ರೋಪೋನಿನ್ ಹೃದಯದ ಸ್ನಾಯುವಿನೊಳಗೆ ಇರುವ ಪ್ರೋಟೀನ್. ಸ್ನಾಯುವಿನ ಜೀವಕೋಶ ಒಡೆದಾಗ ಅದು ರಕ್ತಕ್ಕೆ ಸೋರುತ್ತದೆ. ಸೋರಲು ಹೊತ್ತು ಬೇಕಾದ್ದರಿಂದ ಒಂದೇ ಸಲ ನೋಡಿದರೆ ಸಾಲದು. ಈಗಿನ ಸೂಕ್ಷ್ಮ ಪರೀಕ್ಷೆಯಾದರೆ 1 ರಿಂದ 3 ಗಂಟೆ ಬಿಟ್ಟು, ಹಳೆಯ ಬಗೆಯದಾದರೆ 3 ರಿಂದ 6 ಗಂಟೆ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಎರಡನೆಯ ಸಲ ಏರಿದ್ದರೆ ಸ್ನಾಯು ಸತ್ತಿದೆ, ಅದು ಹಾರ್ಟ್ ಅಟ್ಯಾಕ್. ಎಸ್‌ಟಿ ಏಳದೆ ಟ್ರೋಪೋನಿನ್ ಏರಿದ ಈ ಬಗೆಗೆ ಎನ್‌ಸ್ಟೆಮಿ ಎಂದು ಹೆಸರು. ಎರಡೂ ಸಲ ಏರದೆ, ಕಥೆ ಮಾತ್ರ ಹೆಪ್ಪಿನ ಕಡೆಗೇ ಬೊಟ್ಟು ಮಾಡುತ್ತಿದ್ದರೆ ಅನ್‌ಸ್ಟೇಬಲ್ ಆಂಜೈನಾ.

ಮೇಷ್ಟ್ರ ಟ್ರೋಪೋನಿನ್ ಎರಡೂ ಸಲ ನಾರ್ಮಲ್ ಇತ್ತು. ಹಾಗಾಗಿ ಫೈಲಿನ ಮೇಲೆ 'ಅನ್‌ಸ್ಟೇಬಲ್ ಆಂಜೈನಾ' ಎಂದು ಬರೆದರು. ಯೋಚಿಸಿ ನೋಡಿ. ಎರಡನೆಯ ವರದಿ ಸ್ವಲ್ಪ ಏರಿದ್ದರೆ, ಅದೇ ರಾತ್ರಿ, ಅದೇ ನೋವು, ಅದೇ ಬೆವರು ಹಾರ್ಟ್ ಅಟ್ಯಾಕ್ ಎಂಬ ಹೆಸರು ಪಡೆಯುತ್ತಿತ್ತು. ಮನೆಯಲ್ಲಿ ಇದನ್ನು ಹೇಳಲಾಗದು ಎಂದು ಮೊದಲೇ ಬರೆದದ್ದು ಇದಕ್ಕೇ. ಮೂರು ದಿನದ ಏರುನೋವು ಮತ್ತು ನಿದ್ದೆಯಲ್ಲಿ ಬಂದ ನೋವಿನ ವಿವರ ಇರದಿದ್ದರೆ ಆ ಮೊದಲ ಇಸಿಜಿ ನೋಡಿ ಯಾರಾದರೂ ಸುಲಭವಾಗಿ ಮನೆಗೆ ಕಳಿಸಬಹುದಿತ್ತು. ಆದ್ದರಿಂದ ನೋಟ್‌ಬುಕ್ಕನ್ನು ಡಾಕ್ಟರ್ ಕೈಗೇ ಕೊಡಿ.

ಇಲ್ಲಿ ಮನೆಯವರಿಗೆ ಬರುವ ಒಂದು ಅನುಮಾನ ನ್ಯಾಯವಾದದ್ದು. "ಪಕ್ಕದ ಬೆಡ್ಡಿನವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು, ನಮ್ಮವರಿಗೆ ಯಾಕೆ ಕೊಡಲಿಲ್ಲ?" ಆ ಇಂಜೆಕ್ಷನ್ ಪೂರ್ತಿ ಮುಚ್ಚಿದ ನಾಳಕ್ಕೆ, ಅಂದರೆ ಸ್ಟೆಮಿಗೆ. ಅನ್‌ಸ್ಟೇಬಲ್ ಆಂಜೈನಾಕ್ಕೂ ಎನ್‌ಸ್ಟೆಮಿಗೂ ಅದು ಉಪಯೋಗಕ್ಕಿಂತ ಹಾನಿಯನ್ನೇ ಮಾಡುತ್ತದೆ. ಅವರಿಗೆ ಹೆಪ್ಪು ಬೆಳೆಯದಂತೆ ಹೆಪಾರಿನ್, ಆಸ್ಪಿರಿನ್ ಜೊತೆಗೆ ಇನ್ನೊಂದು ರಕ್ತ ತೆಳು ಮಾಡುವ ಮಾತ್ರೆ ಕೊಟ್ಟು, ಅಪಾಯ ಎಷ್ಟಿದೆ ಎಂದು ಅಳೆದು ಆಂಜಿಯೋಗ್ರಾಂ ಮಾಡುತ್ತಾರೆ. ಅಪಾಯ ಹೆಚ್ಚೆನಿಸಿದರೆ 24 ಗಂಟೆಯೊಳಗೆ. ನೋವು ಬಿಡದೇ ಇದ್ದರೆ ಇನ್ನೂ ಬೇಗ. ಇಂಜೆಕ್ಷನ್ ಕೊಡಲಿಲ್ಲ ಎಂದರೆ ನಿರ್ಲಕ್ಷ್ಯ ಮಾಡಿದರು ಎಂದಲ್ಲ.

ಮೇಷ್ಟ್ರಿಗೆ ಮರುದಿನ ಬೆಳಿಗ್ಗೆ ಆಂಜಿಯೋಗ್ರಾಂ ಆಯಿತು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ನಾಳದಲ್ಲಿ ಉಬ್ಬು ಬಿರಿದು, ಅದಕ್ಕೆ ಹೆಪ್ಪು ಅಂಟಿಕೊಂಡು ದಾರಿ 90 ಪರ್ಸೆಂಟ್ ಮುಚ್ಚಿತ್ತು. ಅಲ್ಲಿಗೆ ಸ್ಟೆಂಟ್ ಹಾಕಿದರು. ಸ್ನಾಯು ಸತ್ತಿರಲಿಲ್ಲವಾದ್ದರಿಂದ ಎಕೋ ಪರೀಕ್ಷೆಯಲ್ಲಿ ಹೃದಯದ ಪಂಪಿಂಗ್ ಮೊದಲಿನಷ್ಟೇ ಚೆನ್ನಾಗಿತ್ತು.

ಹೆಜ್ಜೆ 6: ಮನೆಗೆ ಬಂದ ಮೇಲೆ ಲೆಕ್ಕ ಹೊಸದು

ಸ್ಟೆಂಟ್ ಆ ಒಂದು ಜಾಗವನ್ನು ತೆರೆದಿಡುತ್ತದೆ. ಬೇರೆ ಜಾಗದ ಉಬ್ಬುಗಳಿಗೆ ಮಾತ್ರೆಗಳೇ ಗತಿ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಉಬ್ಬಿನ ಮೇಲಿನ ಪದರವನ್ನು ಗಟ್ಟಿ ಮಾಡಲು ನೆರವಾಗುತ್ತದೆ. ಹಾಗಾಗಿ 'ನನ್ನ ಕೊಲೆಸ್ಟ್ರಾಲ್ ಈಗ ನಾರ್ಮಲ್' ಎಂದು ಅದನ್ನು ಬಿಡಬಾರದು. ಎರಡು ರಕ್ತ ತೆಳು ಮಾಡುವ ಮಾತ್ರೆಗಳನ್ನು ಜೊತೆಯಾಗಿ ಸಾಮಾನ್ಯವಾಗಿ 12 ತಿಂಗಳವರೆಗೆ, ರಕ್ತಸ್ರಾವದ ಭಯ ಇರುವವರಿಗೆ ಅದಕ್ಕಿಂತ ಕಡಿಮೆ ಅವಧಿಗೆ ಕೊಡುತ್ತಾರೆ. ಹಲ್ಲು ಕೀಳಿಸಬೇಕೆಂದೋ ಬೇರೆ ಆಪರೇಷನ್ ಇದೆಯೆಂದೋ ಸ್ವಂತ ನಿರ್ಧಾರದಿಂದ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಸ್ಟೆಂಟ್ ಹಾಕಿದ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ.

ಮಗಳು ಹೊಸ ಪುಟ ತೆರೆದಳು. ಮೇಲೆ ಡಿಸ್ಚಾರ್ಜ್ ಆದ ದಿನಾಂಕ ಬರೆದಳು. ಹಳೆಯ ಪುಟಗಳ 'ವಾರಕ್ಕೆ ಎರಡು ಸಲ ಮಾಮೂಲು' ಎಂಬ ಲೆಕ್ಕ ಈಗ ನಡೆಯುವುದಿಲ್ಲ. ಸ್ಟೆಂಟ್ ಆದ ಮೇಲೆ ಮೇಷ್ಟ್ರು ಎರಡೂ ಮಹಡಿ ಹತ್ತಿದರೂ ಎದೆ ಬಿಗಿಯುತ್ತಿಲ್ಲ. ಅವರ ಹೊಸ ಎಂದಿನ ಸ್ಥಿತಿ ಅಂದರೆ ನೋವೇ ಇಲ್ಲದಿರುವುದು. ಇನ್ನು ಮೇಲೆ ಅದೇ ಮೆಟ್ಟಿಲಲ್ಲಿ ಮೊದಲಿನಂತೆ 3 ನಿಮಿಷದ ಬಿಗಿತ ಬಂದರೂ ಅದು ಹಳೆಯ ಪರಿಚಯದ ನೋವು ಎಂದು ಬಿಡುವ ಹಾಗಿಲ್ಲ. ಅದು ಬದಲಾವಣೆ. ಅವತ್ತೇ ಡಾಕ್ಟರಿಗೆ ತೋರಿಸಬೇಕು.

ನಾಲಿಗೆ ಕೆಳಗಿನ ಮಾತ್ರೆಯ ಹೊಸ ಬಾಟಲಿಯನ್ನು ತೆರೆದ ದಿನವನ್ನು ಆಕೆ ಅದರ ಮೇಲೇ ಬರೆದಿಟ್ಟಿದ್ದಾಳೆ. ಗ್ಲಿಸರಿಲ್ ಟ್ರೈನೈಟ್ರೇಟ್ ಮಾತ್ರೆ ಗಾಳಿ, ಬೆಳಕು, ಶಾಖ ತಗುಲಿದರೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಬಂದ ಬಾಟಲಿಯಲ್ಲೇ ಇಡಬೇಕು, ಪ್ಲಾಸ್ಟಿಕ್ ಡಬ್ಬಿಗೆ ಹಾಕಬಾರದು, ಪೊಟ್ಟಣದ ಮೇಲೆ ಹೇಳಿದ ಅವಧಿ ಮುಗಿದ ಮೇಲೆ ಬದಲಿಸಬೇಕು. ಒಂದು ಬಾಟಲಿ ಹಾಸಿಗೆಯ ಪಕ್ಕದಲ್ಲಿದೆ. ಇನ್ನೊಂದು ಮೇಷ್ಟ್ರು ಹೊರಗೆ ಹೊರಟಾಗ ಅಂಗಿಯ ಹೊರಜೇಬಿನಲ್ಲಿ ಇರುತ್ತದೆ. ಮೈಶಾಖ ತಗುಲುವ ಒಳಜೇಬಿನಲ್ಲಿ ಇಡುವುದಿಲ್ಲ.